‘ಯಾವ ಶಿಫ್ಟ್ ಆದ್ರೂ ಓಕೆ ಸರ್’ ಅಂದ ಮೇಲೆ ಏನಾಗುತ್ತದೆ

ಬೆಂಗಳೂರಿನ ಒಂದು ಐಟಿ ಸಪೋರ್ಟ್ ಸೆಂಟರಿನಲ್ಲಿ ನಾನು ಶಿಫ್ಟ್ ಲೀಡ್. ಇಂಟರ್‌ವ್ಯೂ ಪ್ಯಾನಲ್‌ನಲ್ಲೂ ಕೂರುತ್ತೇನೆ, ರೋಸ್ಟರನ್ನೂ ನಾನೇ ಹಾಕುತ್ತೇನೆ. ಹಾಗಾಗಿ ಇಂಟರ್‌ವ್ಯೂನಲ್ಲಿ ಆಡಿದ ಮಾತು ಆಮೇಲೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನೋದನ್ನು ದಿನಾ ನೋಡುತ್ತೇನೆ.

ನಮ್ಮ ಫಾರ್ಮಿನಲ್ಲಿ ಕೊನೆಗೆ ಮೂರು ಸಾಲು ಇವೆ. ನೈಟ್ ಶಿಫ್ಟ್, ರಿಲೊಕೇಷನ್, ಟ್ರಾವೆಲ್. ಮೂರಕ್ಕೂ ಯೆಸ್ ಇಲ್ಲಾ ನೋ. ಪಕ್ಕದಲ್ಲಿ ರಿಮಾರ್ಕ್ಸ್ ಅಂತ ಒಂದು ಸಣ್ಣ ಜಾಗ. ಯೆಸ್ ಬಿದ್ದು ರಿಮಾರ್ಕ್ಸ್ ಖಾಲಿ ಇದ್ದರೆ, ಆ ಹೆಸರು ಜನ ಕಡಿಮೆ ಇರುವ ಶಿಫ್ಟಿಗೆ ಹೋಗುತ್ತದೆ. ನಮ್ಮಲ್ಲಿ ಅದು ಬಹುತೇಕ ಯಾವಾಗಲೂ ಯುಎಸ್ ಶಿಫ್ಟ್.

ದಾವಣಗೆರೆ ಕಡೆಯ ಒಬ್ಬ ಹುಡುಗನ ಫಾರ್ಮ್ ಹಾಗೇ ಇತ್ತು. ಮೂರೂ ಯೆಸ್, ರಿಮಾರ್ಕ್ಸ್ ಖಾಲಿ. ‘ಯಾವ ಶಿಫ್ಟ್ ಆದ್ರೂ ಓಕೆ ಸರ್’ ಅಂದಿದ್ದ. ಬೇಸಿಗೆಯಲ್ಲಿ ಸೇರಿದ, ಒಳ್ಳೆ ಕೆಲಸಗಾರ, ಟಿಕೆಟ್ ನೋಟ್ಸ್ ಅಚ್ಚುಕಟ್ಟು. ನಮ್ಮ ಯುಎಸ್ ಈಸ್ಟರ್ನ್ ಶಿಫ್ಟ್ ಆಗ ಸಂಜೆ 6:30ರಿಂದ ಬೆಳಗಿನ ಜಾವ 3:30ರವರೆಗೆ. ಕ್ಯಾಬ್ ನಾಲ್ಕು ಜನರನ್ನು ಇಳಿಸಿಕೊಂಡು ಹೋಗಿ ಅವನನ್ನು ಕೆಂಗೇರಿ ಹತ್ತಿರ ಬಿಡುವಾಗ 5 ಗಂಟೆ.

ನವೆಂಬರಿನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅವರಿಗೆ ಅದೇ ಬೆಳಿಗ್ಗೆ 9, ನಮಗೆ ಮಾತ್ರ 6:30 ಇದ್ದದ್ದು 7:30. ಶಿಫ್ಟ್ ಮುಗಿಯುವುದು 4:30ಕ್ಕೆ, ಮನೆ ಸೇರುವುದು 6ಕ್ಕೆ. ಮಾರ್ಚ್ ಎರಡನೇ ಭಾನುವಾರದವರೆಗೆ ಹೀಗೇ. ನಮಗೆಲ್ಲ ಇದು ರೂಢಿ. ಹೊಸಬರಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ, ರೋಸ್ಟರ್ ಮೇಲ್‌ನಲ್ಲಿ ಒಂದು ಸಾಲು ಬರುತ್ತದೆ ಅಷ್ಟೇ.

ಅವನು ಆ ತಿಂಗಳಿಂದ ವಾರದಲ್ಲಿ ಕೆಲವು ದಿನ ಹಳೇ ಸಮಯಕ್ಕೇ ಬೈಕ್ ಹತ್ತಿ ಹೊರಡಲು ಶುರು ಮಾಡಿದ. ಪಕ್ಕದವನಿಗೆ ಹೇಳಿ ಹೋಗುತ್ತಿದ್ದ. ಒಂದು ರಾತ್ರಿ 3:50ಕ್ಕೆ ಪಿ1, ಅಂದರೆ ಎಲ್ಲಕ್ಕಿಂತ ತುರ್ತಿನ ದೂರು, ಬಿತ್ತು. ಅವನ ಕ್ಯೂದಲ್ಲೇ ಇದ್ದ ಟಿಕೆಟ್, ಮಧ್ಯರಾತ್ರಿಯಿಂದ ಅವನೇ ನೋಡುತ್ತಿದ್ದ ಸರ್ವರ್. ಎಲ್ಲರೂ ಒಂದೇ ಲೈನಿಗೆ ಬರುವ ಬ್ರಿಜ್ ಕಾಲ್ ತೆರೆದರು. ಕ್ಲೈಂಟ್ ಕಡೆಯ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: ರೀಸ್ಟಾರ್ಟ್‌ಗೆ ಮೊದಲು ಏನು ಬದಲಾಯಿಸಿದ್ದಿರಿ? ನೋಟ್ಸ್‌ನಲ್ಲಿ ಕೊನೆಯ ಹೆಜ್ಜೆ ಬರೆದಿರಲಿಲ್ಲ, ಹ್ಯಾಂಡೋವರ್ ಆಗಿರಲಿಲ್ಲ. ‘ಎಂಜಿನಿಯರ್ ಲೈನಿಗೆ ಬರ್ತಿದ್ದಾರೆ’ ಅಂತ ಹೇಳಿ, ಮ್ಯೂಟ್ ಮಾಡಿಕೊಂಡು ಅವನಿಗೆ ಫೋನ್ ಮಾಡುತ್ತಾ ಹೋದೆ. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಆ ಕಡೆ ಮತ್ತೆ ಮತ್ತೆ ನನ್ನ ಹೆಸರು ಕರೆಯುತ್ತಿದ್ದಾರೆ. ಬೈಕ್ ಓಡಿಸುತ್ತಿದ್ದವನು ಮನೆ ಸೇರಿದ ಮೇಲೆ ಎತ್ತಿದ. ‘ಸರ್, ಅಪ್ಪನಿಗೆ ಡಯಾಲಿಸಿಸ್. 6 ಗಂಟೆ ಸ್ಲಾಟು. ಕರ್ಕೊಂಡ್ ಹೋಗೋಕೆ ಇನ್ಯಾರೂ ಇಲ್ಲ.’

ವಾರಕ್ಕೆ ಮೂರು ಸಲ, ಒಂದೊಂದು ಸಲ ಸುಮಾರು ನಾಲ್ಕು ಗಂಟೆ. ಒಂದು ಸ್ಲಾಟ್ ತಪ್ಪಿದರೆ ಅದೇ ದಿನ ಇನ್ನೊಂದು ಸಿಗುವುದು ಕಷ್ಟ. ಬೇಸಿಗೆಯ ಸಮಯದಲ್ಲಿ ಹೇಗೋ ಹೊಂದಿಸಿದ್ದ. ಒಂದು ಗಂಟೆ ಜರುಗಿದ್ದೇ ಎಲ್ಲ ಕುಸಿಯಿತು.

ಎಸ್ಕಲೇಷನ್ ಮೇಲ್ ಮ್ಯಾನೇಜ್‌ಮೆಂಟಿಗೆ ಹೋಯಿತು. ಅವರು ಫಾರ್ಮ್ ತೆಗೆದು ನೋಡಿ ‘ನೈಟ್ ಶಿಫ್ಟಿಗೆ ಯೆಸ್ ಅಂದಿದ್ದಾನಲ್ಲ’ ಅಂದರು. ಅವನು ತಾನಾಗಿಯೇ ಪೇಪರ್ ಹಾಕಿದ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಅವನನ್ನು ಇಂಟರ್‌ವ್ಯೂ ಮಾಡಿದ ದಿನ ಯುಕೆ ಶಿಫ್ಟಿನಲ್ಲಿ ಒಂದು ಜಾಗ ಖಾಲಿ ಇತ್ತು. ಮಧ್ಯಾಹ್ನ 1:30ರಿಂದ ರಾತ್ರಿ 10:30. ಅಲ್ಲೂ ಚಳಿಗಾಲದಲ್ಲಿ ಒಂದು ಗಂಟೆ ಜರುಗುತ್ತದೆ, ಆದರೆ ಬೆಳಿಗ್ಗೆ 6ಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಅವನು ಅಪ್ಪನ ಕಾಯಿಲೆ ವಿಷಯ ನಮಗೆ ಹೇಳಬೇಕಾಗಿಯೇ ಇರಲಿಲ್ಲ. ಹೆಚ್ಚಿನವರು ಸುಮ್ಮನಾಗುವುದು ಇಲ್ಲೇ. ಕಾರಣ ಹೇಳಿದರೆ ಮನೆಯ ಕಷ್ಟ ಬಿಚ್ಚಿಟ್ಟ ಹಾಗಾಗುತ್ತದೆ ಅಂತ ಹೆದರಿ ಯೆಸ್ ಅಂದುಬಿಡುತ್ತಾರೆ. ಪ್ಯಾನಲ್‌ಗೆ ಬೇಕಿರುವುದು ಗಂಟೆ, ಕಥೆಯಲ್ಲ. ‘ನೈಟ್ ಶಿಫ್ಟ್ ಮಾಡ್ತೀನಿ ಸರ್. ವಾರದಲ್ಲಿ ಮೂರು ದಿನ ಬೆಳಿಗ್ಗೆ 5:30ರೊಳಗೆ ಮನೇಲಿರಬೇಕು’ ಅಂದಿದ್ದರೆ ಸಾಕಿತ್ತು. ಇದನ್ನು ನಾನು ರಿಮಾರ್ಕ್ಸ್‌ನಲ್ಲಿ ಒಂದೇ ಸಾಲಿನಲ್ಲಿ ಬರೆಯಬಹುದು. ರೋಸ್ಟರ್ ಹಾಕುವವರಿಗೆ ಅದನ್ನು ನೋಡಿದ ತಕ್ಷಣ ನವೆಂಬರ್ ನೆನಪಾಗುತ್ತದೆ.

ಈಚೆಗೆ ಒಬ್ಬರು ಬಂದಿದ್ದರು, ಐದು ವರ್ಷದ ಮಗಳಿರುವ ತಾಯಿ. ನೈಟ್ ಶಿಫ್ಟ್ ಆಗುತ್ತದಾ ಅಂತ ಕೇಳಿದೆ. ಯೆಸ್ ಅನ್ನುವ ಮೊದಲು ಅವರೇ ಕೇಳಿದರು. ‘ಯಾವ ದೇಶದ ಟೈಮಿಂಗ್ ಸರ್? ಫಿಕ್ಸ್ ನೈಟಾ, ರೊಟೇಷನಾ? ರೋಸ್ಟರ್ ಎಷ್ಟು ದಿನ ಮುಂಚೆ ಬರುತ್ತೆ?’ ರೊಟೇಷನ್, ಹದಿನೈದು ದಿನ ಮುಂಚೆ ಅಂದೆ. ಆಗ ಹೇಳಿದರು: ‘ತಿಂಗಳಿಗೆ ಒಂದು ವಾರ ನೈಟ್ ಮಾಡ್ತೀನಿ, ಅತ್ತೆ ಬಂದಿರ್ತಾರೆ. ಎರಡು ವಾರ ಸತತವಾಗಿ ಆಗಲ್ಲ. ರೋಸ್ಟರ್ ಹತ್ತು ದಿನ ಮುಂಚೆ ಗೊತ್ತಾದ್ರೆ ಒಂದು ದಿನವೂ ತಪ್ಪಿಸಲ್ಲ.’ ಎಷ್ಟು ಆಗುತ್ತದೆ, ಎಷ್ಟು ಆಗುವುದಿಲ್ಲ, ಯಾವ ಷರತ್ತಿಗೆ ಗ್ಯಾರಂಟಿ ಕೊಡುತ್ತಾರೆ, ಮೂರೂ ಇದ್ದವು. ಅವರನ್ನು ತೆಗೆದುಕೊಂಡೆವು.

ಎಲ್ಲ ಕಡೆ ಇದು ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಕ್ಲೈಂಟ್ ಒಪ್ಪಂದದಲ್ಲೇ ಫಿಕ್ಸ್ ನೈಟ್ ಅಂತ ಇದ್ದರೆ ಇಂಥ ಉತ್ತರಕ್ಕೆ ಕೆಲಸ ಕೈತಪ್ಪುತ್ತದೆ. ಇರುವ ಕೆಲಸ ಬಿಟ್ಟು, ನೋಟಿಸ್ ಪೀರಿಯಡ್ ಮುಗಿಸಿ ಬಂದ ಮೇಲೆ ತಪ್ಪುವುದಕ್ಕಿಂತ ಅಲ್ಲೇ ತಪ್ಪುವುದು ವಾಸಿ ಅಲ್ವಾ? ಫ್ರೆಶರ್‌ಗಳ ಡ್ರೈವ್‌ನಲ್ಲಂತೂ ರಿಮಾರ್ಕ್ಸ್ ಬರೆಯಲು ಯಾರಿಗೂ ಪುರಸೊತ್ತಿಲ್ಲ. ಅಲ್ಲಿ ಯೆಸ್ ಅನ್ನಿ, ಆಫರ್ ಬಂದ ಮೇಲೆ ಸಹಿಗೆ ಮೊದಲು ಶಿಫ್ಟ್ ಸಮಯ ಕೇಳಿ.

ಊರು ಬದಲಾಯಿಸುವ ಪ್ರಶ್ನೆಗೂ ಇದೇ ರೀತಿ, ಗಂಟೆಯ ಜಾಗದಲ್ಲಿ ತಿಂಗಳು ಹೇಳಿ. ಹುಬ್ಬಳ್ಳಿಯ ಒಬ್ಬರು ‘ಬೆಂಗಳೂರು, ಪುಣೆ ಎರಡೂ ಸರಿ. ನಾನು ಒಂದು ತಿಂಗಳಲ್ಲಿ ಬರ್ತೀನಿ, ಪಿಜಿಯಲ್ಲಿರ್ತೀನಿ. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಮನೆಯವರು ಬರ್ತಾರೆ’ ಅಂದಿದ್ದರು. ಎಚ್‌ಆರ್‌ಗೆ ಇದರಿಂದ ಜಾಯಿನಿಂಗ್ ದಿನಾಂಕ ಸಿಕ್ಕಿತು, ಅವರಿಗೆ ರಿಲೊಕೇಷನ್ ಭತ್ಯೆ ಮತ್ತು ಮನೆ ಅಡ್ವಾನ್ಸಿನ ಮಾತೆತ್ತಲು ದಾರಿಯಾಯಿತು. ಟ್ರಾವೆಲ್ ಆದರೆ ‘ಆಗಾಗ’ ಅನ್ನುವ ಮಾತಿಗೆ ಒಪ್ಪಬೇಡಿ. ತಿಂಗಳಿಗೆ ಎಷ್ಟು ರಾತ್ರಿ ಹೊರಗಡೆ ಅಂತ ಕೇಳಿ, ನಿಮ್ಮ ಲೆಕ್ಕವನ್ನೂ ರಾತ್ರಿಗಳಲ್ಲೇ ಹೇಳಿ.

ಇನ್ನೊಂದು ವಿಷಯ. ಬಾಯಲ್ಲಿ ಹೇಳಿದ್ದು ಪ್ಯಾನಲ್ ಬದಲಾದರೆ ಹೋಯಿತು. ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ‘ಯಾವ ಶಿಫ್ಟ್, ಯಾವ ಊರಿಗಾದರೂ ಹಾಕಬಹುದು’ ಅನ್ನುವ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಜಗಳ ಬಂದರೆ ಅದೇ ಗೆಲ್ಲುತ್ತದೆ. ಆದರೂ ಆಫರ್ ಒಪ್ಪುವ ದಿನ ಎಚ್‌ಆರ್‌ಗೆ ಎರಡು ಸಾಲಿನ ಮೇಲ್ ಹಾಕಿ: ‘ಇಂಟರ್‌ವ್ಯೂನಲ್ಲಿ ಮಾತಾಡಿದಂತೆ ತಿಂಗಳಿಗೆ ಒಂದು ವಾರ ನೈಟ್ ಶಿಫ್ಟ್ ಮಾಡುತ್ತೇನೆ. ದಯವಿಟ್ಟು ಖಚಿತಪಡಿಸಿ.’ ಉತ್ತರ ಬಂದರೆ ಅದನ್ನು ಸೇರಿದ ಮೊದಲ ವಾರವೇ ನಿಮ್ಮ ಶಿಫ್ಟ್ ಲೀಡ್‌ಗೆ ಕಳಿಸಿ. ಎಚ್‌ಆರ್ ಅದನ್ನು ನಮಗೆ ಫಾರ್ವರ್ಡ್ ಮಾಡುವುದಿಲ್ಲ.