212 ಫ್ರೇಮ್‌ಗಳ ಅದುರು

ನಾನು ಬೆಂಗಳೂರಿನ ಒಂದು ಪೋಸ್ಟ್ ಪ್ರೊಡಕ್ಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. ಡ್ಯೂಪ್ ಮಾಡಿದ ಶಾಟ್‌ಗಳಲ್ಲಿ ನಟನ ಮುಖ ಕೂರಿಸುವುದು ನನ್ನ ಪಾಲಿನ ಕೆಲಸ. ನಟ, ಡ್ಯೂಪ್ ಇಬ್ಬರೂ ಕರಾರಿನಲ್ಲಿ ಒಪ್ಪಿಗೆ ಕೊಟ್ಟಿರುತ್ತಾರೆ. ಕಳೆದ ವರ್ಷ ಒಂದು ಜೀಪಿನ ಶಾಟ್ ಬಂತು. ಸೆಕೆಂಡಿಗೆ 24 ಫ್ರೇಮಿನಂತೆ ಒಟ್ಟು 212 ಫ್ರೇಮ್, ಅಂದರೆ ಒಂಬತ್ತು ಸೆಕೆಂಡಿಗೂ ಕಡಿಮೆ. ಡ್ಯೂಪ್ ಸ್ಟೀರಿಂಗ್ ಹಿಡಿದು ಎದುರಿಗೆ ನೋಡುತ್ತಾನೆ, ಎರಡು ಸಲ ರೆಪ್ಪೆ ಬಡಿಯುತ್ತಾನೆ, ಕೊನೆಯಲ್ಲಿ ತಟಕ್ಕನೆ ಬಲಕ್ಕೆ ತಿರುಗುತ್ತಾನೆ. ಇಷ್ಟು ಚಿಕ್ಕ ಶಾಟ್ ನನ್ನ ಎರಡು ವಾರ ತಿಂದಿತು.

ನಮ್ಮ ವಿಧಾನ ಹಳೆಯದೇ. ಡಿಲಿಬ್ ಎಂಬ ಸಾಫ್ಟ್‌ವೇರ್ ಲೈಬ್ರರಿ ಪ್ರತಿ ಫ್ರೇಮಿನಲ್ಲೂ ಮೊದಲು ಮುಖದ ಸುತ್ತ ಒಂದು ಚೌಕ ಹುಡುಕುತ್ತದೆ, ಆಮೇಲೆ ಆ ಚೌಕದೊಳಗೆ 68 ಲ್ಯಾಂಡ್‌ಮಾರ್ಕ್ ಪಾಯಿಂಟ್ ಇಡುತ್ತದೆ. ದವಡೆಗೆ 0ರಿಂದ 16, ಹುಬ್ಬಿಗೆ 17ರಿಂದ 26, ಮೂಗಿಗೆ 27ರಿಂದ 35, ಕಣ್ಣಿಗೆ 36ರಿಂದ 47, ಉಳಿದವು ಬಾಯಿಗೆ. ನಟನ ಮುಖವನ್ನು ತ್ರಿಕೋನಗಳಾಗಿ ಕತ್ತರಿಸಿ ಈ ಪಾಯಿಂಟ್‌ಗಳಿಗೆ ಎಳೆದು ಕೂರಿಸುತ್ತೇವೆ. ಪಾಯಿಂಟ್ ಒಂದೂವರೆ ಪಿಕ್ಸೆಲ್ ಆಚೀಚೆ ಆದರೆ ಒಂದು ಫ್ರೇಮ್ ನಿಲ್ಲಿಸಿ ನೋಡಿದಾಗ ಗೊತ್ತೇ ಆಗುವುದಿಲ್ಲ. ಓಡಿಸಿದಾಗ ಮಾತ್ರ ಮುಖದ ಚರ್ಮ ಕುದಿಯುವ ಹಾಲಿನ ಕೆನೆಯ ಹಾಗೆ ಅದುರುತ್ತದೆ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪ್ರತಿ ಪಾಯಿಂಟಿಗೂ ಈ ಫ್ರೇಮ್ ಮತ್ತು ಹಿಂದಿನ ನಾಲ್ಕು ಫ್ರೇಮ್ ಸೇರಿಸಿ ಐದರ ಸರಾಸರಿ ತೆಗೆದೆ. ನೇರವಾಗಿ ನೋಡುವ ಭಾಗದಲ್ಲಿ ಅದುರು ಬಹುಪಾಲು ಇಳಿಯಿತು. ಖುಷಿಯಿಂದ ಸೂಪರ್‌ವೈಸರ್ ಮೇಡಂಗೆ ತೋರಿಸಿದೆ. ಅವರು ಒಂದೇ ಸಲ ಓಡಿಸಿ ನೋಡಿ, "ತಿರುಗೋ ಕಡೆ ಮುಖ ತೇಲ್ತಾ ಇದೆ ನೋಡಪ್ಪ. ಮತ್ತೆ ಈ ಮನುಷ್ಯ ಕಣ್ಣೇ ಮಿಟುಕಿಸ್ತಿಲ್ಲವಲ್ಲ?" ಅಂದರು.

ಎರಡೂ ನಿಜ. ಹಿಂದಿನ ಫ್ರೇಮ್‌ಗಳನ್ನಷ್ಟೇ ಸೇರಿಸಿದ ಐದರ ಸರಾಸರಿ ಎರಡು ಫ್ರೇಮ್ ಹಿಂದೆ ಉಳಿಯುತ್ತದೆ. ತಲೆ ತಿರುಗುವಾಗ ಮೂಗಿನ ತುದಿ ಫ್ರೇಮಿಗೆ 12 ಪಿಕ್ಸೆಲ್ ಸರಿಯುತ್ತಿತ್ತು. ಹಾಗಾಗಿ ನಟನ ಮುಖ ಡ್ಯೂಪ್‌ನ ತಲೆಗಿಂತ 24 ಪಿಕ್ಸೆಲ್ ಹಿಂದೆ ಇತ್ತು, ಕಿವಿಯ ಪಕ್ಕದಲ್ಲಿ ಇನ್ನೊಬ್ಬನ ಕೆನ್ನೆ ಇಣುಕುತ್ತಿತ್ತು.

ರೆಪ್ಪೆಯ ಲೆಕ್ಕ ಇನ್ನೂ ಸ್ಪಷ್ಟ. ಮೇಲಿನ ರೆಪ್ಪೆಗೂ ಕೆಳಗಿನ ರೆಪ್ಪೆಗೂ ನಡುವಿನ ಅಂತರ ರೆಪ್ಪೆ ಬಡಿಯುವ ಫ್ರೇಮ್‌ಗಳಲ್ಲಿ, ಪಿಕ್ಸೆಲ್ ಲೆಕ್ಕದಲ್ಲಿ, ಹೀಗಿತ್ತು: 10, 10, 10, 6, 1, 5, 9, 10, 10. ಕಣ್ಣು ಮುಚ್ಚಿದ್ದು ಒಂದೇ ಫ್ರೇಮಿನಲ್ಲಿ. ಅದರ ಸುತ್ತಲಿನ ಐದನ್ನು ಕೂಡಿಸಿ ಭಾಗಿಸಿದರೆ 31 ಭಾಗ 5, ಅಂದರೆ 6.2. ಮುಚ್ಚಬೇಕಾದ ಕಣ್ಣು ಅರ್ಧಕ್ಕಿಂತ ಹೆಚ್ಚು ತೆರೆದೇ ಇತ್ತು. ನಟ ರೆಪ್ಪೆ ಬಡಿಯುವ ಬದಲು ನಿದ್ದೆಗಣ್ಣಿನಲ್ಲಿರುವವನ ಹಾಗೆ ಕಾಣುತ್ತಿದ್ದ.

ಇಲ್ಲಿಗೆ ಬಂದ ಮೇಲೆ ಸರಾಸರಿಯಂಥ ಫಿಲ್ಟರ್ ಬದಲಾಯಿಸುತ್ತಾ ಕೂರುವುದನ್ನು ಬಿಟ್ಟು, ಅದುರು ಎಲ್ಲಿಂದ ಬರುತ್ತಿದೆ ಎಂದು ನೋಡಲು ಕೂತೆ. ಡ್ಯೂಪ್ ಹೆಚ್ಚೂಕಮ್ಮಿ ಅಲ್ಲಾಡದ 30 ಫ್ರೇಮ್ ಆರಿಸಿಕೊಂಡು 36, 39, 42, 45ನೇ ಪಾಯಿಂಟ್‌ಗಳ, ಅಂದರೆ ನಾಲ್ಕು ಕಣ್ಣಂಚುಗಳ ಅಡ್ಡ ಚಲನೆಯನ್ನು ಒಂದರ ಮೇಲೊಂದು ಗ್ರಾಫ್ ಹಾಕಿದೆ. ನಾಲ್ಕು ಗೆರೆಗಳು ನಾಲ್ಕು ರೀತಿ ನಡುಗುತ್ತವೆ ಎಂದುಕೊಂಡಿದ್ದೆ. ನಾಲ್ಕೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು! ಕೆಲವು ಕಡೆ ಮೆಟ್ಟಿಲಿನ ಹಾಗೆ ಜಿಗಿತವೂ ಇತ್ತು. ಚೌಕದ ಅಗಲವನ್ನೂ ಅದೇ ಗ್ರಾಫಿನಲ್ಲಿ ಹಾಕಿದಾಗ ಮೆಟ್ಟಿಲು ಅಲ್ಲೇ ಸಿಕ್ಕಿತು.

ಕಾರಣ ಸರಳ. ಡಿಲಿಬ್‌ನ ಮುಖ ಹುಡುಕುವ ಭಾಗ ಚಿತ್ರವನ್ನು ಹಂತಹಂತವಾಗಿ, ಪ್ರತಿ ಸಲ ಆರರಲ್ಲಿ ಐದು ಪಾಲಿಗೆ ಕುಗ್ಗಿಸುತ್ತಾ ಹುಡುಕುತ್ತದೆ. ಮುಖ ಎರಡು ಹಂತಗಳ ನಡುವೆ ಬಿದ್ದರೆ ಒಂದು ಫ್ರೇಮಿನಲ್ಲಿ ಈ ಹಂತ ಗೆಲ್ಲುತ್ತದೆ, ಮುಂದಿನದರಲ್ಲಿ ಆ ಹಂತ. ಪಾಯಿಂಟ್ ಇಡುವ ಭಾಗ ಸರಾಸರಿ ಮುಖವೊಂದನ್ನು ಆ ಚೌಕದಲ್ಲಿಟ್ಟು ಅಲ್ಲಿಂದ ತಿದ್ದಿಕೊಳ್ಳುತ್ತಾ ಹೋಗುವುದರಿಂದ, ಚೌಕ ಬದಲಾದರೆ ಉತ್ತರವೂ ಸ್ವಲ್ಪ ಬದಲಾಗುತ್ತದೆ. ಖಾತ್ರಿ ಮಾಡಿಕೊಳ್ಳಲು ಒಂದೇ ಫ್ರೇಮ್ ತೆಗೆದುಕೊಂಡು ಚೌಕವನ್ನು ಮಾತ್ರ ಕೈಯಿಂದ 4 ಪಿಕ್ಸೆಲ್ ಸರಿಸಿದೆ. ಚಿತ್ರ ಅದೇ ಇದ್ದರೂ ಪಾಯಿಂಟ್‌ಗಳು ಒಟ್ಟಿಗೆ ಸರಿದವು. ಈ ಪರೀಕ್ಷೆಗೆ ಐದು ನಿಮಿಷವೂ ಬೇಡ. ಈಗ ಯಾವ ಹೊಸ ಶಾಟ್ ಬಂದರೂ ಮೊದಲು ಇದನ್ನೇ ಮಾಡುತ್ತೇನೆ.

ಇನ್ನೊಂದು ಸಣ್ಣ ಕಳ್ಳನೂ ಸಿಕ್ಕಿದ. ಡಿಲಿಬ್ ಪಾಯಿಂಟ್‌ಗಳನ್ನು ಪೂರ್ಣಾಂಕದಲ್ಲಿ ಕೊಡುತ್ತದೆ, 412.4 ಆಗಲಿ 411.6 ಆಗಲಿ 412 ಎನ್ನುತ್ತದೆ. ಹಾಗಾಗಿ ಮುಖದ ಭಾಗವನ್ನು ಎರಡು ಪಟ್ಟು ದೊಡ್ಡದು ಮಾಡಿ ಪಾಯಿಂಟ್ ಹುಡುಕಿಸಿ, ಆಮೇಲೆ ಎರಡರಿಂದ ಭಾಗಿಸತೊಡಗಿದೆ. ಚೌಕಕ್ಕೆ ಹೊಸ ಹುಡುಕಾಟವನ್ನೇ ನಿಲ್ಲಿಸಿದೆ. ಮೊದಲ ಫ್ರೇಮಿನಲ್ಲಿ ಸಿಕ್ಕ ಚೌಕದ ಗಾತ್ರ ಹಿಡಿದುಕೊಂಡು, ಮುಂದಿನ ಫ್ರೇಮ್‌ಗಳಿಗೆ ಹಿಂದಿನ ಫ್ರೇಮಿನ ಕಣ್ಣು, ಮೂಗಿನ ಪಾಯಿಂಟ್‌ಗಳಿಂದಲೇ ಚೌಕ ಕಟ್ಟಿದೆ. ಯಾವ ಫಿಲ್ಟರೂ ಹಾಕದೆ ಅದುರು ಕಣ್ಣಿಗೆ ಕಾಣುವಷ್ಟು ಇಳಿಯಿತು. ಮೆಟ್ಟಿಲುಗಳು ಪೂರ್ತಿ ಹೋದವು.

ಉಳಿದದ್ದಕ್ಕೆ ಆಪ್ಟಿಕಲ್ ಫ್ಲೋ ಬೇಕಾಯಿತು. ಲ್ಯೂಕಸ್ ಮತ್ತು ಕನಾಡೆ 1981ರಲ್ಲಿ ಕೊಟ್ಟ ವಿಧಾನವೇ ಇವತ್ತಿಗೂ ಓಪನ್‌ಸಿವಿ ಎಂಬ ಲೈಬ್ರರಿಯಲ್ಲಿ ಸಿಗುತ್ತದೆ. ಒಂದು ಪಾಯಿಂಟಿನ ಸುತ್ತಲಿನ ಪಿಕ್ಸೆಲ್‌ಗಳು ಮುಂದಿನ ಫ್ರೇಮಿನಲ್ಲಿ ಎಲ್ಲಿಗೆ ಹೋದವು ಎಂದು ಅದು ಚಿತ್ರದಿಂದಲೇ ಅಳೆಯುತ್ತದೆ. ಅದಕ್ಕೆ ಚೌಕದ ಹಂಗಿಲ್ಲ, ಪಿಕ್ಸೆಲ್‌ಗಿಂತ ಚಿಕ್ಕ ಚಲನೆಯೂ ಸಿಗುತ್ತದೆ. ಆದರೆ ಪ್ರತಿ ಹೆಜ್ಜೆಯಲ್ಲೂ ಕೂದಲೆಳೆಯಷ್ಟು ತಪ್ಪು ಸೇರುತ್ತಾ ಹೋಗಿ, ನೂರು ಫ್ರೇಮ್ ದಾಟುವಷ್ಟರಲ್ಲಿ ಕಣ್ಣಂಚಿನ ಪಾಯಿಂಟ್ ಕೆನ್ನೆಗೆ ಜಾರಿರುತ್ತದೆ. ಡಿಲಿಬ್ ಕೊಡುವ ಪಾಯಿಂಟ್ ಅದುರುತ್ತದೆ, ಜಾರುವುದಿಲ್ಲ. ಹಾಗಾಗಿ ಎರಡನ್ನೂ ಬೆರೆಸಿದೆ: ಫ್ಲೋ ಹೇಳಿದ ಜಾಗಕ್ಕೆ ಹೋಗು, ಅಲ್ಲಿಂದ ಡಿಲಿಬ್ ಪಾಯಿಂಟಿನ ಕಡೆಗೆ ಹತ್ತರಲ್ಲಿ ಒಂದು ಪಾಲು ಮಾತ್ರ ಸರಿ.

```python
fwd, ok, _ = cv2.calcOpticalFlowPyrLK(
    g0, g1, p0, None, winSize=(21, 21), maxLevel=3)
back, _, _ = cv2.calcOpticalFlowPyrLK(
    g1, g0, fwd, None, winSize=(21, 21), maxLevel=3)
err = np.linalg.norm(p0 - back, axis=-1)
k = np.where((ok == 1) & (err < 0.5), 0.1, 1.0)
p1 = (fwd + k[..., None] * (det - fwd)).astype(np.float32)
```

ಇಲ್ಲಿ `g0`, `g1` ಎಂದರೆ ಹಿಂದಿನ ಮತ್ತು ಈಗಿನ ಫ್ರೇಮ್, `p0` ಹಿಂದಿನ ಫ್ರೇಮಿನ ಪಾಯಿಂಟ್‌ಗಳು, `det` ಈಗಿನ ಫ್ರೇಮಿಗೆ ಡಿಲಿಬ್ ಕೊಟ್ಟವು, `k` ಡಿಲಿಬ್ ಕಡೆಗೆ ಸರಿಯುವ ಪಾಲು. ಎರಡನೇ ಕರೆ ಹಿಮ್ಮುಖ ಪರೀಕ್ಷೆ. ಮುಂದಿನ ಫ್ರೇಮಿಗೆ ಹೋದ ಪಾಯಿಂಟನ್ನು ಮತ್ತೆ ಹಿಂದಕ್ಕೆ ಕಳಿಸಿದರೆ ಹೊರಟ ಜಾಗಕ್ಕೇ ಬರಬೇಕು. ಅರ್ಧ ಪಿಕ್ಸೆಲ್‌ಗಿಂತ ಹೆಚ್ಚು ತಪ್ಪಿದರೆ ಆ ಫ್ಲೋವನ್ನು ನಂಬದೆ ಡಿಲಿಬ್ ಪಾಯಿಂಟನ್ನೇ ತೆಗೆದುಕೊಳ್ಳುತ್ತೇನೆ. `k` 0.1 ಇದ್ದಾಗ ಫ್ರೇಮಿನಿಂದ ಫ್ರೇಮಿಗೆ ಸಂಬಂಧವಿಲ್ಲದ ಅದುರು ಸುಮಾರು ಕಾಲುಪಾಲಿಗೆ ಇಳಿಯುತ್ತದೆ. ಫ್ಲೋ ಫ್ರೇಮಿಗೆ 0.05 ಪಿಕ್ಸೆಲ್ ಜಾರಿದರೂ ಒಟ್ಟು ತಪ್ಪು ಅರ್ಧ ಪಿಕ್ಸೆಲ್ ಒಳಗೇ ನಿಲ್ಲುತ್ತದೆ. `k` ಇನ್ನೂ ಕಡಿಮೆ ಮಾಡಿದರೆ ಅದುರು ಇನ್ನಷ್ಟು ಇಳಿಯುತ್ತದೆ, ಜಾರುವಿಕೆ ಮಾತ್ರ ಅದಕ್ಕಿಂತ ಬೇಗ ಏರುತ್ತದೆ.

ಇದನ್ನು 68 ಪಾಯಿಂಟಿಗೂ ಹಾಕಿದ್ದು ನನ್ನ ಎರಡನೇ ತಪ್ಪು. ಕಣ್ಣಂಚು, ಹುಬ್ಬು, ಮೂಗಿನ ಹೊಳ್ಳೆ ಕಲ್ಲಿನ ಹಾಗೆ ನಿಂತವು. ದವಡೆ ಮಾತ್ರ ಹಾವಿನ ಹಾಗೆ ಹರಿದಾಡಿತು. ದವಡೆಯ ಅಂಚು ಒಂದು ಉದ್ದ ಗೆರೆ, ಆ ಗೆರೆಯ ಗುಂಟ ಪಾಯಿಂಟ್ ಎಷ್ಟು ಸರಿದರೂ ಸುತ್ತಲಿನ ಪಿಕ್ಸೆಲ್ ಒಂದೇ ಥರ ಕಾಣುವುದರಿಂದ ಫ್ಲೋಗೆ ತಿಳಿಯುವುದಿಲ್ಲ. ಮೇಲಾಗಿ ಪಾಯಿಂಟಿನ ಸುತ್ತ ಫ್ಲೋ ನೋಡುವ 21 ಪಿಕ್ಸೆಲ್ ವಿಂಡೋದ ಅರ್ಧದಲ್ಲಿ ಹಿಂದೆ ಓಡುವ ರಸ್ತೆ, ಮರಗಳಿದ್ದವು. ದವಡೆಯನ್ನು ಫ್ಲೋದಿಂದ ಬಿಡಿಸಿದೆ. ನಟನ ಮುಖದ ಅಂಚನ್ನು ಡ್ಯೂಪ್‌ನ ಮುಖಕ್ಕೆ ಬೆರೆಸುವ ಮಾಸ್ಕ್ ದವಡೆಯ ಪಾಯಿಂಟ್‌ಗಳಿಂದಲೇ ಆಗುವುದರಿಂದ ಅದನ್ನು ಹಾಗೇ ಬಿಡುವಂತಿರಲಿಲ್ಲ. ಮುಖ ಗಟ್ಟಿಯಾಗಿ ನಿಂತು ಮಾಸ್ಕ್ ಅದುರಿದರೂ ನೋಡುವವರ ಕಣ್ಣಿಗೆ ಮುಖವೇ ಅದುರಿದ ಹಾಗೆ.

ಅದಕ್ಕೆ ತಲೆಯ ಚಲನೆ ಒಂದು ಕಡೆ, ಮುಖಭಾವ ಇನ್ನೊಂದು ಕಡೆ ಎಂದು ಬೇರೆ ಮಾಡಿದೆ. ಕಣ್ಣಂಚು ಮತ್ತು ಮೂಗಿನ ಪಾಯಿಂಟ್‌ಗಳು ಮಾತಾಡಿದರೂ ರೆಪ್ಪೆ ಬಡಿದರೂ ಹೆಚ್ಚು ಅಲ್ಲಾಡುವುದಿಲ್ಲ. ಅವುಗಳಿಂದ ಪ್ರತಿ ಫ್ರೇಮಿಗೆ ನಾಲ್ಕೇ ಸಂಖ್ಯೆ ತೆಗೆದೆ: ಅಡ್ಡ ಜಾಗ, ಉದ್ದ ಜಾಗ, ಓರೆ, ಗಾತ್ರ. ಈ ನಾಲ್ಕಕ್ಕೆ ಸವಿಟ್ಸ್ಕಿ-ಗೊಲೆ ಫಿಲ್ಟರ್ ಹಾಕಿದೆ. ಅದು ಹಿಂದಿನ ನಾಲ್ಕು, ಮುಂದಿನ ನಾಲ್ಕು, ಈಗಿನದು, ಹೀಗೆ ಒಂಬತ್ತು ಫ್ರೇಮ್‌ಗಳ ಮೇಲೆ ಒಂದು ಬಾಗಿದ ಗೆರೆ ಕೂರಿಸಿ ನಡುವಿನ ಬೆಲೆ ಕೊಡುತ್ತದೆ. ನಮ್ಮದು ಲೈವ್ ಅಲ್ಲ, ಮುಂದಿನ ಫ್ರೇಮ್‌ಗಳು ಡಿಸ್ಕಿನಲ್ಲೇ ಇವೆ. ಅವುಗಳನ್ನು ಬಳಸಿದರೆ ಹಿಂದೆ ಉಳಿಯುವ ತೊಂದರೆಯೇ ಇಲ್ಲ. ಮೊದಲ ಸಲ ಯಾಕೆ ಹಿಂದಿನವನ್ನಷ್ಟೇ ಸೇರಿಸಿದೆನೋ, ಆ 24 ಪಿಕ್ಸೆಲ್ ಬೇಕಿರಲಿಲ್ಲ.

ಅದೇ ಒಂಬತ್ತರ ಫಿಲ್ಟರನ್ನು ರೆಪ್ಪೆಗೆ ಹಾಕಿದ್ದರೆ? ಮೇಲಿನ ಸಂಖ್ಯೆಗಳಿಗೆ ಲೆಕ್ಕ ಹಾಕಿದೆ, 1 ಇದ್ದದ್ದು 5.4 ಆಗುತ್ತದೆ. ಐದು ಫ್ರೇಮಿನದಾದರೆ 2.6. ಅದಕ್ಕೇ ತಲೆಯ ಚಲನೆ ಕಳೆದು ಉಳಿದದ್ದರಲ್ಲಿ ರೆಪ್ಪೆಯ ಪಾಯಿಂಟ್‌ಗಳನ್ನು ಫಿಲ್ಟರ್ ಮಾಡದೆ ಹಾಗೇ ಬಿಟ್ಟೆ, ಬಾಯಿಗೆ ಐದರದು, ದವಡೆಗೆ ಒಂಬತ್ತರದು ಹಾಕಿದೆ. ರೆಪ್ಪೆಗೆ ಫ್ಲೋ ಕೂಡ ಬೇಡ. ಕಣ್ಣು ಮುಚ್ಚಿದಾಗ ಕಣ್ಣುಗುಡ್ಡೆಯ ಪಿಕ್ಸೆಲ್‌ಗಳೇ ಮಾಯವಾಗುತ್ತವೆ, ಫ್ಲೋಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಇದಕ್ಕೊಂದು ಮಿತಿ ಇದೆ. ನಾಲ್ಕು ಸಂಖ್ಯೆಗಳಲ್ಲಿ ತಲೆ ಪಕ್ಕಕ್ಕೆ ಹೊರಳುವುದು ಸೇರಿಲ್ಲ, ಅದು ಉಳಿಕೆಯಲ್ಲಿ ಮುಖಭಾವದ ವೇಷ ಹಾಕಿಕೊಂಡು ಕೂರುತ್ತದೆ. ಹಾಗಾಗಿ ಬಲಕ್ಕೆ ತಿರುಗುವ ಭಾಗದಲ್ಲಿ ದವಡೆಯ ಫಿಲ್ಟರನ್ನೂ ಐದಕ್ಕೆ ಇಳಿಸಿದೆ. ವೇಗದ ಚಲನೆಯಲ್ಲಿ ಅದುರು ಕಣ್ಣಿಗೆ ಬೀಳುವುದಿಲ್ಲ, ಜಾಗ ತಪ್ಪಿದರೆ ಮಾತ್ರ ಬೀಳುತ್ತದೆ.

ಕೊನೆಗೆ ಉಳಿದದ್ದು ತಿರುಗುವಿಕೆಯ ನಡುವಿನ ಆರು ಫ್ರೇಮ್. ಚಿತ್ರವೇ ಕದಡಿತ್ತು, ಹಿಮ್ಮುಖ ಪರೀಕ್ಷೆಯಲ್ಲಿ ಬಹುತೇಕ ಎಲ್ಲ ಪಾಯಿಂಟೂ ಫೇಲ್, ಡಿಲಿಬ್ ಕೂಡ ಮೂಗನ್ನು ತಪ್ಪು ಜಾಗದಲ್ಲಿ ಇಟ್ಟಿತ್ತು. ಅಲ್ಲಿ ಎರಡು ಫ್ರೇಮಿನಲ್ಲಿ ಕಣ್ಣಂಚು, ಮೂಗನ್ನು ಕೈಯಿಂದ ಗುರುತಿಸಿ ನಡುವಿನದನ್ನು ತುಂಬಿದೆ. ಆಮೇಲೆ ನಟನ ಮುಖಕ್ಕೂ ಅಷ್ಟೇ ಕದಡು ಕೊಟ್ಟೆ, ಇಲ್ಲದಿದ್ದರೆ ಚೂಪಾದ ಮುಖ ಮಸುಕು ತಲೆಯ ಮೇಲೆ ಅಂಟಿಸಿದ ಹಾಗೆ ಎದ್ದು ಕಾಣುತ್ತಿತ್ತು.

ಮೇಡಂ ಈ ಸಲ ಶಾಟನ್ನು ನಾಲ್ಕು ಸಲ ಓಡಿಸಿದರು. ರೆಪ್ಪೆ ಬಡಿಯುವ ಜಾಗದಲ್ಲಿ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ಒತ್ತುತ್ತಾ ಹೋಗಿ, ಕಣ್ಣು ಪೂರ್ತಿ ಮುಚ್ಚಿದ ಆ ಒಂದು ಫ್ರೇಮಿನಲ್ಲಿ ಕೈ ತೆಗೆದರು. "ಹ್ಞಾಂ, ಈಗ ಮುಚ್ಚಿದ" ಅಂದು ಮುಂದಿನ ಶಾಟ್ ತೆರೆದರು.