ಅಣಬೆ ಕೆಂಪಗೆ ಹುರಿಯುವ ಪ್ರಯೋಗ: ಈ ಮಳೆಗಾಲದ ಟಿಪ್ಪಣಿಗಳು

ಮಳೆ ಹಿಡಿದ ವಾರ

ಈ ಮಳೆಗಾಲಕ್ಕೆ ಒಂದೇ ಕೆಲಸ ಇಟ್ಟುಕೊಂಡಿದ್ದೇನೆ. ಶಿವಮೊಗ್ಗದ ಅಂಗಡಿಗಳಲ್ಲಿ 200 ಗ್ರಾಂ ಡಬ್ಬಿಯಲ್ಲಿ ಬರುವ ಬಟನ್ ಅಣಬೆಯನ್ನು ಮನೆಯ ಸಾಧಾರಣ ಗ್ಯಾಸ್ ಒಲೆಯಲ್ಲೇ, ಮನೆಯ ಕಬ್ಬಿಣದ ಬಾಣಲೆಯಲ್ಲೇ, ಅಂಚು ಗರಿಯಾಗುವ ಹಾಗೆ ಕೆಂಪಗೆ ಹುರಿಯಬೇಕು. ಕಾಳುಮೆಣಸು ಹಾಕಿದ ಅಣಬೆ ಪಲ್ಯ ನಮ್ಮಲ್ಲಿ ಎಲ್ಲರಿಗೂ ಇಷ್ಟ. ಆದರೆ ಹತ್ತರಲ್ಲಿ ಎಂಟು ಮನೆಗಳಲ್ಲಿ ಅದು ಬೂದುಬಣ್ಣದ ನೀರಿನಲ್ಲಿ ತೇಲುತ್ತಿರುತ್ತದೆ, ಹಲ್ಲಿಗೆ ಸಿಕ್ಕರೆ ಕೀಚ್ ಎನ್ನುತ್ತದೆ.

ಮೊದಲು ರೂಢಿಯ ವಿಧಾನವನ್ನೇ ಗಮನಿಸಿ ನೋಡಿದೆ. ಎಣ್ಣೆ, ಒಗ್ಗರಣೆ, ಈರುಳ್ಳಿ, ಆಮೇಲೆ ಒಂದೇ ಸಲಕ್ಕೆ ಎಲ್ಲ ಅಣಬೆ, ಮೇಲೆ ಉಪ್ಪು. ಹಾಕಿದ ಎರಡು ಚಮಚ ಎಣ್ಣೆಯನ್ನು ಅಣಬೆ ಕಣ್ಣೆದುರೇ ಹೀರಿಕೊಳ್ಳುತ್ತದೆ. ಬಾಣಲೆ ಒಣಗಿದಂತೆ ಕಂಡು ಕೈ ಮತ್ತೆ ಎಣ್ಣೆ ಡಬ್ಬಕ್ಕೆ ಹೋಗುತ್ತದೆ. ಅಷ್ಟರಲ್ಲಿ ನೀರು ಬಿಡಲು ಶುರು. ಐದಾರು ನಿಮಿಷಕ್ಕೆ ತಳದಲ್ಲಿ ಕಂದು ನೀರು ನಿಂತು ಅಣಬೆ ಕುಗ್ಗಿರುತ್ತದೆ, 'ಬೆಂತು' ಅಂತ ಒಲೆ ಆರಿಸುತ್ತಾರೆ. ಎಲ್ಲ ಕೆಡುವುದು ಈ ಗಳಿಗೆಯಲ್ಲೇ. ಹುರಿಯುವ ಕೆಲಸ ಇನ್ನೂ ಶುರುವೇ ಆಗಿರುವುದಿಲ್ಲ.

ಹಸಿ ಅಣಬೆಯ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರು. ಬಾಣಲೆಯಲ್ಲಿ ನೀರು ನಿಂತಿರುವಷ್ಟು ಹೊತ್ತು ಅಣಬೆಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೆಂಪು ಬಣ್ಣವೂ ಹುರಿದ ಪರಿಮಳವೂ ಚೆನ್ನಾಗಿ ಬರಬೇಕಾದರೆ ಮೇಲ್ಮೈ 140 ಡಿಗ್ರಿಯ ಸುತ್ತಮುತ್ತ ಕಾಯಬೇಕು. ಇನ್ನೊಂದು ತೊಡಕೂ ಇದೆ. ನೀರನ್ನು ತಣ್ಣಗಿನಿಂದ ಕುದಿಗೆ ತರಲು ಬೇಕಾದ ಶಾಖದ ಐದು ಪಟ್ಟಿಗೂ ಹೆಚ್ಚು ಶಾಖ ಅದೇ ನೀರನ್ನು ಪೂರ್ತಿ ಆವಿ ಮಾಡಲು ಬೇಕು. ಹಾಗಾಗಿ ಬೇಗ ಕುದಿ ಬಂತು ಅಂದರೆ ಬೇಗ ಇಂಗುತ್ತದೆ ಅಂತಲ್ಲ. ಸಣ್ಣ ಬರ್ನರ್ ಮೇಲೆ ತೆಳು ಬಾಣಲೆ ಇಟ್ಟು 'ಸಣ್ಣ ಉರಿಯಲ್ಲಿ ನಿಧಾನ ಬೇಯಲಿ' ಎಂದರೆ ಅಣಬೆ ಬೇಯುತ್ತಲೇ ಇರುತ್ತದೆ, ಹುರಿಯುವುದೇ ಇಲ್ಲ.

ಹೆಚ್ಚು ಬೆಂದರೆ ರಬ್ಬರ್ ಆಗುತ್ತದೆಯೇ?

ನೀರು ನಿಂತಾಗಲೇ ಇಳಿಸಲು ಎಲ್ಲರೂ ಹೇಳುವ ಕಾರಣ ಇದು: ಜಾಸ್ತಿ ಬೆಂದರೆ ಅಣಬೆ ರಬ್ಬರ್ ಆಗುತ್ತದೆ. ಪರೀಕ್ಷೆ ಮಾಡದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಇಡ್ಲಿ ಪಾತ್ರೆಯಲ್ಲಿ ಒಂದು ತಟ್ಟೆಗೆ ಅಣಬೆ, ಇನ್ನೊಂದಕ್ಕೆ ಸೌತೆಕಾಯಿ ಹೋಳು ಇಟ್ಟು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಆವಿಯಲ್ಲಿ ಬೇಯಿಸಿದೆ. ಸೌತೆಕಾಯಿ ಬೆರಳಲ್ಲಿ ಒತ್ತಿದರೆ ಮುದ್ದೆ. ಅಣಬೆ ಮಾತ್ರ ಹತ್ತು ನಿಮಿಷಕ್ಕೆ ಹೇಗಿತ್ತೋ ಹೆಚ್ಚೂಕಡಿಮೆ ಹಾಗೇ ಇತ್ತು. ಕರಗಲೂ ಇಲ್ಲ, ಬಿಗಿಯಲೂ ಇಲ್ಲ.

ಅಣಬೆಯ ಕೋಶದ ಗೋಡೆಯಲ್ಲಿರುವುದು ಕೈಟಿನ್, ಏಡಿ ಸಿಗಡಿಗಳ ಚಿಪ್ಪಿನಲ್ಲಿರುವ ಪದಾರ್ಥವೇ. ತರಕಾರಿಯನ್ನು ಹಿಡಿದಿಡುವ ಪೆಕ್ಟಿನ್ ಬಿಸಿಗೆ ಕರಗುತ್ತದೆ, ಮಾಂಸದ ಪ್ರೋಟೀನ್ ಬಿಸಿಗೆ ಬಿಗಿಯುತ್ತದೆ, ಕೈಟಿನ್ ಅಡುಗೆಯ ಬಿಸಿಗೆ ಜಗ್ಗುವುದಿಲ್ಲ. ಅಂದರೆ ನೀರು ಇಂಗುವವರೆಗೆ ಧೈರ್ಯವಾಗಿ ಒಲೆಯ ಮೇಲೆ ಬಿಡಬಹುದು. ಬಾಯಿಗೆ ರಬ್ಬರ್ ಅನಿಸುವುದು ಹೆಚ್ಚು ಬೆಂದದ್ದಕ್ಕಲ್ಲ. ಒಳಗೆ ನೀರು ಉಳಿದು, ಹೊರಗೆ ಹುರಿಯದೆ, ನಡುವೆ ನಿಂತುಹೋದದ್ದಕ್ಕೆ.

ನೀರು ಹಾಕಿಯೇ ಶುರು

ಖಾಲಿ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದಕ್ಕೊಂದು ತಾಗದ ಹಾಗೆ ಸ್ವಲ್ಪವೇ ಅಣಬೆ ಹರಡುವುದು ಒಂದು ದಾರಿ. ಕೆಂಪಾಗುತ್ತದೆ, ಸಂಶಯವಿಲ್ಲ. ಆದರೆ ನನ್ನ ಬಾಣಲೆಗೆ ಒಂದು ಡಬ್ಬಿ ಅಣಬೆ ಎರಡು ಮೂರು ಕಂತಾಗುತ್ತದೆ, ಪ್ರತಿ ಕಂತೂ ಬೇರೆಬೇರೆ ಎಣ್ಣೆ ಕುಡಿಯುತ್ತದೆ.

ಹಾಗಾಗಿ ಈಗ ನಾನು ಹಿಡಿದಿರುವುದು ತಲೆಕೆಳಗಾಗಿ ಕಾಣುವ ದಾರಿ: ಎಣ್ಣೆಗೆ ಮೊದಲು ನೀರು. ತೀರ್ಥಹಳ್ಳಿಯಿಂದ ಬಂದಿದ್ದ ಅತ್ತಿಗೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಅಲ್ಲ ಮಾರಾಯ, ನೀರು ಬಿಡೋ ಅಣಬೆಗೆ ಮತ್ತೆ ನೀರು ಹಾಕ್ತೀಯಲ್ಲ!" ಎಂದರು. "ಸ್ವಲ್ಪ ತಡೀರಿ ಅತ್ತಿಗೆ, ಕೊನೆಗೆ ಹೇಳಿ" ಎಂದೆ.

ಆ ದಿನ ಮಾಡಿದ್ದನ್ನು ಹಾಗೇ ಬರೆಯುತ್ತೇನೆ. 200 ಗ್ರಾಂ ಬಟನ್ ಅಣಬೆ, ದೊಡ್ಡದನ್ನು ನಾಲ್ಕು ಹೋಳು, ಸಣ್ಣದನ್ನು ಎರಡು. ತೆಳ್ಳಗೆ ಹೆಚ್ಚಬಾರದು. ನೀರು ಹೋದ ಮೇಲೆ ತೂಕ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ, ತೆಳು ಬಿಲ್ಲೆಗಳು ಒಣಗಿ ಚರ್ಮದ ಹಾಗೆ ಗಟ್ಟಿಯಾಗುತ್ತವೆ. ಅಗಲ ಬಾಣಲೆಗೆ ಅಣಬೆ, ಕಾಲು ಲೋಟ ನೀರು, ಕಾಲು ಚಮಚ ಉಪ್ಪು. ದೊಡ್ಡ ಬರ್ನರ್, ಪೂರ್ತಿ ಉರಿ, ಮುಚ್ಚಳ.

ಮೂರು ನಾಲ್ಕು ನಿಮಿಷಕ್ಕೆ ಮುಚ್ಚಳ ತೆಗೆದರೆ ಅಣಬೆಯೆಲ್ಲ ಕುಗ್ಗಿ, ಹಾಕಿದ್ದಕ್ಕಿಂತ ಎಷ್ಟೋ ಹೆಚ್ಚು ನೀರು ನಿಂತಿರುತ್ತದೆ. ನೋಡಿದವರಿಗೆ ಎದೆ ಧಸಕ್ಕೆನ್ನಬಹುದು, ಆದರೆ ನಮಗೆ ಬೇಕಾದದ್ದು ಇದೇ. ಹಸಿ ಅಣಬೆಯ ಒಳಗೆಲ್ಲ ಗಾಳಿಯ ಸಂದುಗಳಿವೆ, ಎಣ್ಣೆ ಹೋಗಿ ಕೂರುವುದು ಅಲ್ಲಿಯೇ. ಆವಿಗೆ ಕುಗ್ಗಿದಾಗ ಆ ಗಾಳಿ ಹೊರಹೋಗಿ ಸಂದುಗಳು ಮುಚ್ಚಿಕೊಳ್ಳುತ್ತವೆ, ಆಮೇಲೆ ಹಾಕುವ ಎಣ್ಣೆ ಹೊರಗೇ ನಿಲ್ಲುತ್ತದೆ. ನೀರನ್ನು ಬಸಿಯಬಾರದು. ಅಣಬೆಯ ರುಚಿ, ಕೆಂಪಾಗಲು ಬೇಕಾದ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಅದರಲ್ಲೇ ಇವೆ. ಮುಚ್ಚಳ ಪಕ್ಕಕ್ಕಿಟ್ಟು, ಉರಿ ಇಳಿಸದೆ, ಅದನ್ನು ಪೂರ್ತಿ ಇಂಗಿಸಬೇಕು.

ಇಲ್ಲಿಂದ ಕಿವಿಗೆ ಕೆಲಸ. ನೀರು ಇರುವವರೆಗೆ ಸದ್ದು ಕೊತಕೊತ, ದಪ್ಪ ಗುಳ್ಳೆ. ಇಂಗುತ್ತ ಬಂದ ಹಾಗೆ ಗುಳ್ಳೆ ಸಣ್ಣದಾಗಿ, ರಸ ಪಾಕದಂತೆ ಅಂಟುತ್ತದೆ. ಆಮೇಲೆ ಒಂದು ಗಳಿಗೆ ಸದ್ದು ತಗ್ಗಿ, ತಕ್ಷಣ ಚುರುಚುರು ಎಂದು ಏಳುತ್ತದೆ. ತಳದಲ್ಲಿ ಕಂದು ಪೊರೆಯೊಂದು ಕಟ್ಟಲು ತೊಡಗುತ್ತದೆ. ಎಣ್ಣೆಗೆ ಇದೇ ಹೊತ್ತು. ಒಂದೂವರೆ ಟೀ ಚಮಚ ಸಾಕು. ಹಾಕಿ, ಒಮ್ಮೆ ಕಲಸಿ, ಹೋಳುಗಳ ಕೊಯ್ದ ಮೈ ತಳಕ್ಕೆ ತಾಗುವ ಹಾಗೆ ಹರಡಿ, ಉರಿಯನ್ನು ಮಧ್ಯಮಕ್ಕೆ ಇಳಿಸಿ, ಸಟ್ಟುಗವನ್ನು ಕೆಳಗಿಟ್ಟುಬಿಡಬೇಕು. ಒಂದೂವರೆ ಎರಡು ನಿಮಿಷ ಮುಟ್ಟಬಾರದು. ಪದೇಪದೇ ಆಡಿಸಿದರೆ ಯಾವ ಮೈಯೂ ಬೇಕಾದಷ್ಟು ಕಾಯುವುದಿಲ್ಲ. ಒಂದು ಹೋಳು ಎತ್ತಿ ನೋಡಿ, ತಳ ಕೆಂಪಾಗಿದ್ದರೆ ಮಗುಚಿ ಮತ್ತೆ ಅಷ್ಟೇ ಹೊತ್ತು.

ಸಣ್ಣ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಹಾಕಿದ್ದು ಇದೆಲ್ಲ ಆದ ಮೇಲೆ. ಮೊದಲೇ ಹಾಕಿದ್ದರೆ ಈರುಳ್ಳಿಯೂ ನೀರು ಬಿಡುತ್ತಿತ್ತು, ಬೆಳ್ಳುಳ್ಳಿ ಸೀದುಹೋಗುತ್ತಿತ್ತು. ಹೊಸದಾಗಿ ಕುಟ್ಟಿದ ಕಾಳುಮೆಣಸು ಒಲೆ ಆರಿಸುವ ಹೊತ್ತಿಗೆ. ಹುಳಿ ಬೇಕೆನಿಸಿದರೆ ಅದೂ ಕಡೆಗೇ, ಹುಳಿ ಇದ್ದಲ್ಲಿ ಬಣ್ಣ ಕಟ್ಟುವುದು ನಿಧಾನ. ಒಟ್ಟು ಸುಮಾರು ಕಾಲು ಗಂಟೆ ಹಿಡಿಯಿತು. ಅತ್ತಿಗೆ ಒಂದು ಹೋಳು ಬಾಯಿಗೆ ಹಾಕಿಕೊಂಡು, "ಇದು ಅಣಬೆ ಥರ ಅಲ್ಲ ಕಣೋ, ಹುರಿದ ಗೇರುಬೀಜದ ಪರಿಮಳ ಬರ್ತಿದೆ" ಎಂದರು. ನಾನು ಹುಡುಕುತ್ತಿದ್ದದ್ದು ಅದನ್ನೇ.

ತೊಳೆಯುವುದು, ಉಪ್ಪು

ಅಣಬೆಗೆ ನೀರು ತಾಗಿಸಲೇಬಾರದು, ಬಟ್ಟೆಯಲ್ಲಿ ಒರೆಸಬೇಕು ಎನ್ನುವವರಿದ್ದಾರೆ. ಅಡುಗೆ ತಕ್ಕಡಿಯಲ್ಲಿ ತೂಗಿ, ಇಡಿಯಾಗಿ ತೊಳೆದು, ಜರಡಿಯಲ್ಲಿ ಕೊಡವಿ ಮತ್ತೆ ತೂಗಿದೆ. ಏರಿದ್ದು ಒಂದು ಟೀ ಚಮಚ ನೀರಿನಷ್ಟು. ಒಳಗೇ ಅಷ್ಟೊಂದು ನೀರಿರುವಾಗ ಇದು ಲೆಕ್ಕಕ್ಕಿಲ್ಲ. ಹೆಚ್ಚಿದ ಮೇಲೆ ಮಾತ್ರ ತೊಳೆಯುವುದಿಲ್ಲ. ಉಪ್ಪಿನದೂ ಹಾಗೇ: ಒಣ ಬಾಣಲೆಯ ವಿಧಾನದಲ್ಲಿ ಉಪ್ಪು ಕೊನೆಗೆ, ಏಕೆಂದರೆ ಅದು ನೀರನ್ನು ಬೇಗ ಹೊರಗೆಳೆಯುತ್ತದೆ. ನೀರಿನ ವಿಧಾನದಲ್ಲಿ ಅದೇ ನಮಗೆ ಬೇಕಾದ್ದರಿಂದ ಮೊದಲೇ ಹಾಕಬಹುದು.

ಚಿಪ್ಪಣಬೆ, ಹಾಲಣಬೆ, ಹುತ್ತದ ಅಣಬೆ

ಚಿಪ್ಪಣಬೆಗೆ ನೀರಿನ ವಿಧಾನ ಒಗ್ಗಲಿಲ್ಲ. ದಳ ತೆಳ್ಳಗಿರುವುದರಿಂದ ಆವಿಯಲ್ಲಿ ಜೋತು ಮುದುಡಿ ಒಂದಕ್ಕೊಂದು ಅಂಟಿಕೊಂಡವು. ಅದಕ್ಕೆ ದೋಸೆ ಕಾವಲಿಯೇ ಸರಿ: ಕೈಯಲ್ಲಿ ಉದ್ದುದ್ದ ಸೀಳಿ, ಎಣ್ಣೆ ಸವರಿದ ಬಿಸಿ ಕಾವಲಿಯ ಮೇಲೆ ಒಂದೇ ಪದರ ಹರಡಿ, ಮೇಲೆ ಭಾರದ ಚಪ್ಪಟೆ ತಳದ ಪಾತ್ರೆ ಒತ್ತಿಟ್ಟರೆ ಎಲ್ಲ ಕಡೆ ಕಾವಲಿಗೆ ತಾಗಿ ಅಂಚು ಗರಿಗರಿಯಾಗುತ್ತದೆ. ಹಾಲಣಬೆ ದಪ್ಪ, ಗಟ್ಟಿ. ಅದರ ಕಾಂಡವನ್ನು ಅಡ್ಡಕ್ಕೆ ಬಿಲ್ಲೆ ಮಾಡಿ ಬಟನ್ ಅಣಬೆಯ ಹಾಗೇ ನೀರು ಹಾಕಿ ಶುರು ಮಾಡುವುದು. ಉದ್ದಕ್ಕೆ ಹೆಚ್ಚಿದರೆ ನಾರು ಹಲ್ಲಿಗೆ ಸಿಗುತ್ತದೆ.

ಆಷಾಢದಲ್ಲಿ ಹೊಸನಗರ ಕಡೆಯ ನೆಂಟರು ಹುತ್ತದ ಅಣಬೆ ತಂದುಕೊಟ್ಟರು. ಅದನ್ನು ಪ್ರಯೋಗಕ್ಕೆ ತೆಗೆದುಕೊಳ್ಳಲಿಲ್ಲ. ಅದರ ಘಮಕ್ಕೆ ಸಾರೇ ನ್ಯಾಯ. ಕಾಡಿನ ಅಣಬೆಯ ಬಗ್ಗೆ ಒಂದು ಮಾತು ಇಲ್ಲಿ ಬರೆದಿಡಬೇಕು: ಎಷ್ಟೇ ಕೆಂಪಗೆ ಹುರಿದರೂ ವಿಷದ ಅಣಬೆಯ ವಿಷ ಹೋಗುತ್ತದೆ ಅಂತ ನಂಬಬಾರದು. ಗುರುತು ಬಲ್ಲವರು ಕಿತ್ತು ತಂದದ್ದಲ್ಲದಿದ್ದರೆ ಒಲೆಯ ಹತ್ತಿರವೂ ತರಬಾರದು.

ಒಂದು ಕಿಲೋ

ಮನೆಗೆ ನೆಂಟರು ಸೇರಿದ್ದರಿಂದ ಐದು ಡಬ್ಬಿ ಒಟ್ಟಿಗೆ ಮಾಡಬೇಕಾಯಿತು. ನೀರನ್ನು ಐದು ಪಟ್ಟು ಮಾಡಬೇಕಿಲ್ಲ. ಅಣಬೆ ತನ್ನ ನೀರು ಬಿಡುವವರೆಗೆ ತಳ ಸೀಯದಿರಲು ಅರ್ಧ ಲೋಟವೇ ಸಾಕಾಯಿತು. ದೊಡ್ಡ ಪಾತ್ರೆಯಲ್ಲಿ ಮುಚ್ಚಿ ಕುಗ್ಗಿಸಿದ ಮೇಲೆ, ಅಷ್ಟೂ ನೀರನ್ನು ಅಣಬೆಯ ಜೊತೆಯಲ್ಲೇ ಇಂಗಿಸಲು ಹೊರಟರೆ ಮನೆಯ ಒಲೆಯಲ್ಲಿ ಊಟದ ಹೊತ್ತು ಮೀರುತ್ತದೆ. ಇಲ್ಲಿ ಮಾತ್ರ ನೀರನ್ನು ಬಸಿದು, ಪಕ್ಕದ ಒಲೆಯಲ್ಲಿ ಬೇರೆಯಾಗಿ ಕುದಿಸಿ ನಾಲ್ಕೈದು ಚಮಚಕ್ಕೆ ಇಳಿಸಿದೆ. ಅಣಬೆಯನ್ನು ಎರಡು ಬಾಣಲೆಗೆ ಹಂಚಿ ಎಣ್ಣೆ ಹಾಕಿ ಹುರಿದು, ಅರ್ಧ ಕೆಂಪಾದಾಗ ಆ ಗಟ್ಟಿ ರಸವನ್ನು ಮೇಲೆ ಸುರಿದೆ. ಚುರ್ ಎಂದು ಇಂಗಿ ಹೋಳಿಗೆಲ್ಲ ಅಂಟಿತು, ಬಣ್ಣ ಒಂದು ಡಬ್ಬಿಯದಕ್ಕಿಂತಲೂ ಗಾಢವಾಗಿ ಬಂತು. ಮುಂದಿನ ಸಲ ಒಂದೇ ಡಬ್ಬಿಗೂ ಹೀಗೆ ರಸ ಬೇರೆ ಇಳಿಸಿ ನೋಡುವುದಿದೆ. ಉಳಿದದ್ದನ್ನು ಮರುದಿನ ಬಿಸಿ ಮಾಡಿದ್ದು ಒಣ ಕಾವಲಿಯ ಮೇಲೆ, ಮುಚ್ಚಳ ಹಾಕದೆ.