ಮೂರೂವರೆಗೆ ಮುಗಿಯುವ ಕ್ಯಾಂಡಲ್

“ಬೆಳಿಗ್ಗೆ ಆಫೀಸಿಗೆ ಹೊರಡೋ ಮುಂಚೆ, ರಾತ್ರಿ ಬಂದ್ಮೇಲೆ, ಅಷ್ಟೇ ಚಾರ್ಟ್ ನೋಡೋಕಾಗೋದು. ಯಾವ ಟೈಮ್‌ಫ್ರೇಮ್ ಇಟ್ಕೊಳ್ಲಿ? 15 ನಿಮಿಷದ್ದು ಸಾಕಾ?”

ಸಾಕಾಗುವುದಿಲ್ಲ. ದಿನದ ಚಾರ್ಟ್ ಇಟ್ಟುಕೊಳ್ಳಿ. ಶನಿವಾರ ಒಮ್ಮೆ ವಾರದ ಚಾರ್ಟ್ ತೆಗೆದು, ಷೇರು ಯಾವ ಕಡೆ ಹೋಗುತ್ತಿದೆ ನೋಡಿ.

ಇಷ್ಟಕ್ಕೇ ಯಾರೂ ಬಿಡುವುದಿಲ್ಲ. ಮೊನ್ನೆ ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಇದನ್ನೇ ಕೇಳಿದರು. ಹೋಳಿಗೆ ಬರುವಷ್ಟರಲ್ಲಿ ಅವರ 15 ನಿಮಿಷ ಒಂದು ಗಂಟೆಯಾಗಿತ್ತು. ತುಪ್ಪ ಬಡಿಸುವಾಗ 75 ನಿಮಿಷಕ್ಕೆ ಬಂದು ನಿಂತರು. ಇದು ಚೌಕಾಸಿ ಮಾಡುವ ವಿಷಯ ಅಲ್ಲ. ನಮ್ಮ ಮಾರ್ಕೆಟ್ ನಡೆಯುವುದು 9:15ರಿಂದ 3:30ರವರೆಗೆ, ಅಂದರೆ 375 ನಿಮಿಷ. ಅದರಲ್ಲಿ 15 ನಿಮಿಷದ ಕ್ಯಾಂಡಲ್‌ಗಳು, ಅಂದರೆ ಅಷ್ಟು ಹೊತ್ತಿನ ಬೆಲೆಯ ಏರಿಳಿತ ತೋರಿಸುವ ಕಡ್ಡಿಗಳು, 25. 75 ನಿಮಿಷದವು 5. ಇಪ್ಪತ್ತೈದಾಗಲಿ ಐದಾಗಲಿ, ಅವೆಲ್ಲ ಮುಗಿಯುವಾಗ ನೀವು ಆಫೀಸಿನಲ್ಲಿರುತ್ತೀರಿ. ದಿನದ ಕ್ಯಾಂಡಲ್ ಮಾತ್ರ ನಿಮಗೋಸ್ಕರ ಕಾಯುತ್ತದೆ. ಮೂರೂವರೆಗೆ ಮುಗಿದದ್ದನ್ನು ರಾತ್ರಿ ಎಂಟಕ್ಕೆ ನೋಡಿದರೂ ನೀವು ತಡ ಮಾಡಿಲ್ಲ. ಮರುದಿನ ಬೆಳಿಗ್ಗೆಯವರೆಗೆ ಅದು ಬದಲಾಗುವುದಿಲ್ಲ.

ನಾನು ಇದನ್ನು ದುಡ್ಡು ಕೊಟ್ಟು ಕಲಿತೆ. ಹಿಂದಿನ ದಿನದ ಕೊನೆಯ 15 ನಿಮಿಷದ ಕ್ಯಾಂಡಲ್ ಜೋರಾಗಿ ಮೇಲೆದ್ದಿದೆ ಅಂತ ಬೆಳಿಗ್ಗೆ ಒಂದು ಷೇರಿಗೆ ಆರ್ಡರ್ ಹಾಕಿ ಹೊರಟೆ. 412 ರೂಪಾಯಿಗೆ 300 ಷೇರು ಸಿಕ್ಕಿತು. 408ಕ್ಕೆ ಇಳಿದರೆ ಮಾರಬೇಕು, ಅದೇ ಸ್ಟಾಪ್‌ಲಾಸ್ ಅಂತ ಲೆಕ್ಕ. ಲೆಕ್ಕ ತಲೆಯಲ್ಲಿತ್ತು, ತಲೆ ಮೀಟಿಂಗಿನಲ್ಲಿತ್ತು. ಒಂದೂವರೆಗೆ ಫೋನ್ ತೆಗೆದಾಗ 17 ಕ್ಯಾಂಡಲ್ ಕಳೆದುಹೋಗಿದ್ದವು, ಬೆಲೆ 401. ಗಾಬರಿಯಲ್ಲಿ ಮಾರಿದೆ. 1,200 ಹೋಗಬೇಕಿದ್ದ ಕಡೆ 3,300 ಹೋಯಿತು. ರಾತ್ರಿ ದಿನದ ಚಾರ್ಟ್ ನೋಡಿದೆ. ಅದರಲ್ಲಿ ಅದು ಸಾಮಾನ್ಯ ಕೆಂಪು ಕ್ಯಾಂಡಲ್ ಅಷ್ಟೇ. ಹಿಂದಿನ ಎರಡು ವಾರದ ತಳ 388ರಲ್ಲಿತ್ತು. ಬೆಲೆ ಅದರ ಹತ್ತಿರಕ್ಕೂ ಹೋಗಿರಲಿಲ್ಲ.

ಟೈಮ್‌ಫ್ರೇಮ್ ಯಾವುದು ಅಂತ ಕೇಳುವವರು, “ನಾನು ನೋಡದೇ ಇರುವಾಗ ನನ್ನ ಸ್ಟಾಪ್‌ಲಾಸ್ ಕಾಯೋರು ಯಾರು?” ಅಂತ ಕೇಳುವುದಿಲ್ಲ. ನನಗೆ ಆ ಪ್ರಶ್ನೆ ಬೇಕು. ಅದಕ್ಕೆ ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಹೇಳುತ್ತೇನೆ.

ಮೊದಲು ಎಷ್ಟು ಷೇರು ಅನ್ನುವುದು. ದಿನದ ಚಾರ್ಟಿನಲ್ಲಿ ಸ್ಟಾಪ್‌ಲಾಸ್ ದೂರ ಇರುತ್ತದೆ, ಹಾಗಾಗಿ ಷೇರು ಕಡಿಮೆ ಕೊಳ್ಳಬೇಕು. ನಿಮ್ಮ ಹತ್ತಿರ 2 ಲಕ್ಷ ಇದೆ, ಒಂದು ಸಲಕ್ಕೆ ಅದರಲ್ಲಿ ನೂರಕ್ಕೆ ಒಂದು, ಅಂದರೆ 2,000 ಹೋದರೆ ಪರವಾಗಿಲ್ಲ ಅಂದುಕೊಳ್ಳಿ. 500ಕ್ಕೆ ಕೊಂಡು ಸ್ಟಾಪ್ 470ರಲ್ಲಿಟ್ಟರೆ ಷೇರಿಗೆ 30 ರೂಪಾಯಿ ಅಪಾಯ. 2,000ವನ್ನು 30ರಿಂದ ಭಾಗಿಸಿದರೆ 66 ಷೇರು. ಹಾಕುವ ದುಡ್ಡು 33,000. “ಇಷ್ಟೇನಾ?” ಅಂತ ಜನ ಮುಖ ಮಾಡುತ್ತಾರೆ. ಹೌದು, ಇಷ್ಟೇ. 15 ನಿಮಿಷದ ಸ್ಟಾಪ್ ಹಿಡಿದು 300 ಷೇರು ಕೊಂಡು, ದಿನದ ಚಾರ್ಟ್ ನೋಡುತ್ತಾ ಕೂರುವುದೇ ಜಾಸ್ತಿ ಹೊಡೆತ ಕೊಡುವುದು.

ಆಮೇಲೆ ಆರ್ಡರ್. ಮಾಮೂಲಿ ಸ್ಟಾಪ್‌ಲಾಸ್ ಆರ್ಡರ್ ಆ ದಿನಕ್ಕೆ ಮಾತ್ರ. ಅದಕ್ಕೇ ಜಿಟಿಟಿ ಹಾಕುವುದು. ನೀವು ಹೇಳಿದ ಟ್ರಿಗರ್ ಬೆಲೆ ಬರುವವರೆಗೆ ದಿನಗಟ್ಟಲೆ ಕಾದು, ಬಂದಾಗ ಆರ್ಡರ್ ಕಳಿಸುವ ವ್ಯವಸ್ಥೆ ಅದು. ಆದರೆ ಡಿಮ್ಯಾಟ್‌ನಲ್ಲಿರುವ ಷೇರು ಮಾರಲು ಒಪ್ಪಿಗೆ ಬೇಕು. ಬ್ರೋಕರ್‌ಗೆ ಒಮ್ಮೆಗೇ ಬರೆದುಕೊಡುವ ಡಿಡಿಪಿಐ ಅನ್ನುವ ಒಪ್ಪಿಗೆ ಪತ್ರ ಕೊಟ್ಟಿರದಿದ್ದರೆ, ಟಿಪಿನ್ ಅನ್ನುವ ಗುಟ್ಟಿನ ಸಂಖ್ಯೆ, ಓಟಿಪಿ ಹಾಕಿ ಒಪ್ಪಿಗೆ ಕೊಡಬೇಕು. ನೀವು ಮೀಟಿಂಗಿನಲ್ಲಿರುವಾಗ ಜಿಟಿಟಿ ಎದ್ದು, ಒಪ್ಪಿಗೆ ಇಲ್ಲ ಅಂತ ಆರ್ಡರ್ ತಿರಸ್ಕಾರವಾದರೆ ಏನು ಮಾಡುತ್ತೀರಿ? ಮೊದಲು ಡಿಡಿಪಿಐ ಮುಗಿಸಿಕೊಳ್ಳಿ.

ಇನ್ನೊಂದಿದೆ. ಜಿಟಿಟಿಯಲ್ಲಿ ಟ್ರಿಗರ್ 470, ಮಾರುವ ಬೆಲೆ 469 ಅಂತ ಹಾಕಿರುತ್ತೀರಿ. ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಿಗ್ಗೆ ಷೇರು 455ಕ್ಕೇ ಶುರುವಾದರೆ ಟ್ರಿಗರ್ ಆಗುತ್ತದೆ, ಮಾರಾಟ ಆಗುವುದಿಲ್ಲ. 469ಕ್ಕೆ ಕೊಳ್ಳುವವರಿಲ್ಲದೆ ಆರ್ಡರ್ ಹಾಗೇ ಕೂತಿದ್ದು ಸಂಜೆ ರದ್ದಾಗುತ್ತದೆ. ಮಾರುವ ಬೆಲೆಯನ್ನು ಟ್ರಿಗರ್‌ಗಿಂತ ಸ್ವಲ್ಪ ಜಾಸ್ತಿಯೇ ಕೆಳಗಿಟ್ಟರೆ ಇದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ರಾತ್ರಿ ಷೇರು ಇಟ್ಟುಕೊಂಡು ಮಲಗುವವರು ಹೊರಬೇಕಾದ ಅಪಾಯ ಇದು. ಕಂಪನಿಯ ತ್ರೈಮಾಸಿಕ ಫಲಿತಾಂಶ ಬರುವ ಹಿಂದಿನ ದಿನ ನಾನು ಅರ್ಧ ಮಾರಿಬಿಡುತ್ತೇನೆ.

ಹಾಗಾಗಿ ರಾತ್ರಿ ನಾನು ಮೊದಲು ತೆಗೆಯುವುದು ಚಾರ್ಟ್ ಅಲ್ಲ, ಆರ್ಡರ್ ಪಟ್ಟಿ. ಜಿಟಿಟಿ ಎದ್ದಿದೆಯಾ, ಎದ್ದಿದ್ದರೆ ಮಾರಾಟವೂ ಆಗಿದೆಯಾ ನೋಡುತ್ತೇನೆ. ಆಮೇಲೆ ಚಾರ್ಟ್. ಬೆಳಿಗ್ಗೆ ಹೊಸದಾಗಿ ಏನೂ ತೀರ್ಮಾನಿಸುವುದಿಲ್ಲ. ರಾತ್ರಿ ಬರೆದಿಟ್ಟ ಆರ್ಡರ್ ಹಾಕಿ, ಶೂ ಹಾಕಿಕೊಂಡು ಹೊರಡುತ್ತೇನೆ.